ನೇರಳೆ ಬೆಳಕು

ಕೆಲಸಕ್ಕೆ ಮೊದಲೇ ಪೂರ್ತಿ ದುಡ್ಡು ಕೊಟ್ಟವರನ್ನು ನಾನು ಕಂಡಿರಲಿಲ್ಲ. ಮೇಷ್ಟ್ರು ಕೊಟ್ಟರು.

ಕದಿಯಬೇಕಿದ್ದದ್ದು ಒಂದು ನೋಟ್‌ಬುಕ್. 1882ರಲ್ಲಿ ಹಾಡಹಗಲೇ ಕಾಣುತ್ತಿದ್ದ ದೊಡ್ಡ ಧೂಮಕೇತುವನ್ನು ಯಾರೋ ದಿನವೂ ನೋಡಿ, ಶಾಯಿಯಲ್ಲಿ ಬಿಡಿಸಿಟ್ಟ ಚಿತ್ರಗಳು. ಮ್ಯೂಸಿಯಂನ ಎರಡನೇ ಹಾಲ್, ಗಾಜಿನ ಪೆಟ್ಟಿಗೆ.

"ಬೀಗಕ್ಕೆ ಐದು ಪಿನ್. ಮೂರನೆಯದು ಸ್ವಲ್ಪ ಬಿಗಿ" ಎಂದರು ಮೇಷ್ಟ್ರು. "ಮುಚ್ಚಳದಲ್ಲಿ ಮ್ಯಾಗ್ನೆಟ್ ಇದೆ, ಚೌಕಟ್ಟಿನಲ್ಲಿ ಸ್ವಿಚ್. ಮುಚ್ಚಳ ಎತ್ತಿದರೆ ಅಲಾರಂ. ಕಾವಲುಗಾರ ಇಪ್ಪತ್ತು ನಿಮಿಷಕ್ಕೊಮ್ಮೆ ಬರುತ್ತಾನೆ. ಒಳಗಿರೋದನ್ನು ತೆಗೆದು, ಇದನ್ನು ಇಡಿ." ಬಟ್ಟೆಯಲ್ಲಿ ಸುತ್ತಿದ ನಕಲನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಒಂದು ವೇಳೆ ಅದನ್ನು ಹೊರಗೆ ತರೋಕೆ ಆಗದಿದ್ದರೂ ಪರವಾಗಿಲ್ಲ. ಇದು ಮಾತ್ರ ಅಲ್ಲಿರಲೇಬೇಕು."

"ಇವತ್ತೇ ಯಾಕೆ?" ಎಂದಳು ಸರಳಾ.

"ನಾಳೆ ಪರೀಕ್ಷೆ ಮಾಡೋಕೆ ತಜ್ಞರು ಬರ್ತಾರೆ."

"ಹಾಗಾದರೆ ನಕಲು ಅಂತ ಗೊತ್ತಾಗಿಬಿಡುತ್ತಲ್ವಾ?"

"ಗೊತ್ತಾಗಲ್ಲ. ಅದು ನನ್ನ ಹೊಣೆ."

ಸರಳಾ ಒಂದು ಹಳೇ ಕಿಟಕಿಗೆ ಅಂಥದ್ದೇ ಸ್ವಿಚ್ ಜೋಡಿಸಿ ಅಭ್ಯಾಸ ಮಾಡಿದಳು. ಚೌಕಟ್ಟಿಗೆ ನಮ್ಮದೇ ಮ್ಯಾಗ್ನೆಟ್ ಒತ್ತಿ ಹಿಡಿದರೆ, ಮುಚ್ಚಳ ಎತ್ತಿದರೂ ಸ್ವಿಚ್‌ಗೆ ತಿಳಿಯುವುದಿಲ್ಲ. ಆದರೆ ಮ್ಯಾಗ್ನೆಟ್ ಉಲ್ಟಾ ಆದರೆ ಎರಡರ ಸೆಳೆತವೂ ಒಂದನ್ನೊಂದು ಕಳೆದುಕೊಂಡು, ಮುಚ್ಚಳ ಮುಟ್ಟುವ ಮೊದಲೇ ಅಲಾರಂ ಹೊಡೆದುಕೊಳ್ಳುತ್ತದೆ. ಎರಡು ಸಲ ಹಾಗೇ ಆಯಿತು. ಅದಕ್ಕೆ ಒಳಬದಿಗೆ ಕೆಂಪು ಟೇಪ್ ಅಂಟಿಸಿದಳು.

ಬೆಳಕಿಗೆ ನಾನು ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ತಂದಿದ್ದೆ. ಅದರ ಬೆಳಕು ದೂರಕ್ಕೆ ಕಾಣುವುದಿಲ್ಲ.

"ಆ ಟಾರ್ಚ್ ಬೇಡ" ಎಂದರು ಮೇಷ್ಟ್ರು ಥಟ್ಟನೆ. ಯಾಕೆ ಎಂದರೆ ಸುಮ್ಮನಾದರು.

ಹಚ್ಚಿ ನೋಡಿದರೆ ನನ್ನ ಬಿಳಿ ಅಂಗಿ ನೀಲಿಯಾಗಿ ಧಗಧಗ ಹೊಳೆಯಿತು. ಸರಳಾ ನಕ್ಕಳು. "ಸೋಪಿನ ಪುಡಿ ಕಣೋ. ಬೆಳ್ಳಗೆ ಕಾಣಲಿ ಅಂತ ಏನೋ ಬೆರೆಸ್ತಾರೆ. ಈಗಿನ ಕಾಗದಕ್ಕೂ ಅಂಥದ್ದೇ ಹಾಕ್ತಾರೆ. ಕಪ್ಪು ಅಂಗಿ ಹಾಕ್ಕೋ."

ರಾತ್ರಿ ಒಂದು ಇಪ್ಪತ್ತು. ಕಾವಲುಗಾರ ದಾಟಿ ಹೋದ. ನಾವು ಹಾಲ್‌ನೊಳಗೆ ಬಂದೆವು.

ಬೀಗ ತೆರೆಯಲು ನಾಲ್ಕು ನಿಮಿಷ ಹಿಡಿಯಿತು. ಮೂರನೇ ಪಿನ್ ನಿಜಕ್ಕೂ ಬಿಗಿಯಾಗಿತ್ತು.

ಸರಳಾ ಮ್ಯಾಗ್ನೆಟ್ ತೆಗೆದು ಅಲ್ಲೇ ನಿಂತುಬಿಟ್ಟಳು. ನೇರಳೆ ಬೆಳಕಿನಲ್ಲಿ ಕೆಂಪು ಟೇಪ್ ಕಪ್ಪಗಿತ್ತು. ಮ್ಯಾಗ್ನೆಟ್ಟೂ ಕಪ್ಪಗಿತ್ತು. ಯಾವ ಬದಿ ಯಾವುದು? ಅವಳ ಕೈ ನಡುಗಿದ್ದನ್ನು ನಾನು ಮೊದಲ ಸಲ ನೋಡಿದೆ. ಆಮೇಲೆ ಹಲ್ಲಿನಿಂದ ಗ್ಲೌಸ್ ಎಳೆದು ತೆಗೆದಳು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿದಳು. ಟೇಪಿನ ಅಂಚು ಸಿಕ್ಕಿತು. ಚೌಕಟ್ಟಿಗೆ ಒತ್ತಿದಳು.

ಸದ್ದಿಲ್ಲ.

ಮುಚ್ಚಳ ಎತ್ತಿದೆ. ಒಳಗಿದ್ದ ನೋಟ್‌ಬುಕ್ ಹೊರತೆಗೆಯುವಾಗ ಅದರ ಅಂಚು ತಣ್ಣಗೆ ನೀಲಿಯಾಗಿ ಹೊಳೆಯಿತು. ಬಟ್ಟೆ ಬಿಚ್ಚಿ ನಮ್ಮದನ್ನು ಇಟ್ಟೆ. ಅದು ಮಂಕಾಗಿ, ಮಣ್ಣಿನ ಬಣ್ಣದಲ್ಲಿ ಮಲಗಿತು. ಯೋಚಿಸಲು ಹೊತ್ತಿರಲಿಲ್ಲ. ಬೀಗ ಹಾಕಿ ಹೊರಬಂದಾಗ ಇನ್ನೂ ಆರು ನಿಮಿಷ ಉಳಿದಿತ್ತು.

ಮೇಷ್ಟ್ರು ಬಾಗಿಲಲ್ಲೇ ಕಾಯುತ್ತಿದ್ದರು. "ಇಟ್ಟಿರಾ?" ಎಂದರು. ತಂದಿರಾ ಎಂದು ಕೇಳಲಿಲ್ಲ. ನಾನು ಕೊಟ್ಟಿದ್ದನ್ನು ನೋಡದೆ ಕುರ್ಚಿಯ ಮೇಲೆ ಹಾಕಿದರು.

ನನಗೆ ಅಂಗಿ ನೆನಪಾಯಿತು. ಕುರ್ಚಿಯ ಕಡೆ ಟಾರ್ಚ್ ಹಿಡಿದೆ. ಪುಟಗಳು ಅಂಗಿಯ ಹಾಗೇ ಹೊಳೆದವು.

"ಮೇಷ್ಟ್ರೇ, ನಾವು ಕದಿಯಲಿಲ್ಲ. ವಾಪಸ್ ಇಟ್ಟು ಬಂದೆವು, ಅಲ್ವಾ?"

ಅವರು ನಿಧಾನವಾಗಿ ಕೂತರು. "ಹನ್ನೊಂದು ವರ್ಷ ಆ ಹಾಲ್‌ನ ಕೀ ನನ್ನ ಹತ್ತಿರ ಇತ್ತು. ಒಂದು ಮಳೆಗಾಲ ಚಾವಣಿ ಸೋರಿತು. ಒಣಗಿಸೋಣ ಅಂತ ಮನೆಗೆ ತಂದೆ. ಪೆಟ್ಟಿಗೆ ಖಾಲಿ ಕಾಣಬಾರದು ಅಂತ ನಕಲು ಮಾಡಿಟ್ಟೆ. ಆಮೇಲೆ ವಾಪಸ್ ಕೊಡೋಕೆ ಮನಸ್ಸೇ ಬರಲಿಲ್ಲ. ದಿನಾ ರಾತ್ರಿ ತೆಗೆದು ನೋಡ್ತಿದ್ದೆ. ಹಾಗೇ ನಿವೃತ್ತಿ ಆಯ್ತು."

"ಈಗ ಕೀ ಯಾರ ಹತ್ತಿರ ಇದೆ?" ಎಂದಳು ಸರಳಾ.

"ಒಬ್ಬ ಹುಡುಗ. ನಾನೇ ಕೆಲಸ ಕಲಿಸಿದ್ದು. ನಾಳೆ ಸಿಕ್ಕಿಬೀಳ್ತಿದ್ದವನು ಅವನು."

ಸರಳಾ ಆ ನಕಲನ್ನು ತೊಡೆಯ ಮೇಲಿಟ್ಟುಕೊಂಡು ಪುಟ ತಿರುವಿದಳು. "ಎಷ್ಟು ಚೆನ್ನಾಗಿ ಬಿಡಿಸಿದ್ದೀರಿ" ಎಂದಳು.

"ಬಾಲ ಸರಿ ಬಂದಿಲ್ಲ" ಎಂದರು ಮೇಷ್ಟ್ರು. "ಅವನು ಆಕಾಶ ನೋಡಿ ಬಿಡಿಸಿದ್ದ. ನಾನು ಅವನದನ್ನು ನೋಡಿ ಬಿಡಿಸಿದೆ."