ಅಪ್ಪ, ಅವ್ವನಿಗೆ ಸಿಂಗಪುರದಿಂದ ಪತ್ರ

ತೀರ್ಥರೂಪ ಅಪ್ಪನವರಿಗೆ ಹಾಗೂ ಮಾತೃಶ್ರೀ ಅವ್ವನವರಿಗೆ ಮಗಳು ಸವಿತಾ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ನನ್ನ ಉಳಿತಾಯವನ್ನು ಹೊಲಕ್ಕೋ ಚಿನ್ನಕ್ಕೋ ಹಾಕದೆ ಶೇರಿನ ಫಂಡಿಗೆ ಹಾಕುತ್ತಿದ್ದೇನೆ ಎಂದಾಗ ರವಿವಾರ ಫೋನಿನಲ್ಲಿ ಮಾತು ಅರ್ಧಕ್ಕೇ ಮುರಿಯಿತು. ಅಪ್ಪಾ, ನೀವು ಬೇಸರ ಮಾಡಿಕೊಂಡಿರಿ ಎಂದು ಗೊತ್ತಾಗಿ ಅಂದು ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಬದುವಿಗೆ ಹತ್ತಿದ ಎರಡು ಎಕರೆ ಮಾರಾಟಕ್ಕೆ ಬಂದಿದೆ, ಕೊಳ್ಳದೆ ಬಿಡಬಾರದು ಎನ್ನುತ್ತೀರಿ. ಹೊರದೇಶದಲ್ಲಿ ನೆಲೆಸಿರುವ ನಾನು ಕೃಷಿ ಜಮೀನು ಕೊಳ್ಳುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ, ಉತಾರ ನಿಮ್ಮ ಹೆಸರಿನಲ್ಲೇ ಆಗಬೇಕು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಕರೆಗೆ 30 ಲಕ್ಷ ಕೊಟ್ಟು, ಲಾವಣಿಗೆ ಹಾಕಿದರೆ ವರ್ಷಕ್ಕೆ ಬರುವುದು 50 ಸಾವಿರ. ನೂರಕ್ಕೆ ಎರಡು ರೂಪಾಯಿಯೂ ಗಿಟ್ಟುವುದಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ಬಂದಾಗ ಆ ಹೊಲದ ಕಬ್ಬು ಸುಳಿಯವರೆಗೆ ಮುಳುಗಿ ಕೊಳೆತದ್ದನ್ನು ನಾವೇ ನೋಡಿದ್ದೇವೆ. ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಬೇರೆ ಇದೆ. ನನ್ನ ದುಡಿಮೆಯೆಲ್ಲ ಒಂದೇ ಸರ್ವೆ ನಂಬರಿನಲ್ಲಿ ಹೂತರೆ ನನಗೆ ಭಯವಾಗುತ್ತದೆ.

ಅವ್ವಾ, ನನ್ನ ಕಾಲೇಜಿನ ಫೀಗಾಗಿ ನೀನು ಪಾಟಲಿ ಮಾರಿದ ದಿನ ನಾನೂ ಅಂಗಡಿಯಲ್ಲಿದ್ದೆ. ತಕ್ಕಡಿಯಲ್ಲಿಟ್ಟು, ಬೆಸುಗೆಯ ತೂಕ ಕಳೆದು, ಹಳೆಯ ಚಿನ್ನವೆಂದು ಮತ್ತಷ್ಟು ಮುರಿದುಕೊಂಡರು. ಮಾಡಿಸುವಾಗ ಕೊಟ್ಟ ಮಜೂರಿಯಂತೂ ಲೆಕ್ಕಕ್ಕೇ ಬರಲಿಲ್ಲ. ಬರಿಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನೀನು ಬಸ್ ಹತ್ತಿದ್ದು ಇಂದಿಗೂ ಕಣ್ಣ ಮುಂದಿದೆ. ಚಿನ್ನದ ದರ ಏರಿದೆ, ಒಪ್ಪುತ್ತೇನೆ. ಆದರೆ ತಿಜೋರಿಯಲ್ಲಿಟ್ಟ ಚಿನ್ನ ದುಡಿಯುವುದಿಲ್ಲ. ಅದರ ಲಾಭವೆಲ್ಲ ಮುಂದೆ ಕೊಳ್ಳುವವನು ಕೊಡುವ ದರದಲ್ಲೇ ಇದೆ.

ನಾನು ಹಣ ಹಾಕುತ್ತಿರುವುದು ನಿಫ್ಟಿ 50 ಸೂಚ್ಯಂಕದ ಫಂಡಿಗೆ. ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿ ನಮಗೂ ಒಂದೊಂದು ಚೂರು ಪಾಲು ಸಿಗುತ್ತದೆ. ಅವು ದುಡಿದ ಲಾಭದಲ್ಲಿ ನಮಗೂ ಭಾಗವಿದೆ. ಸೊರಗಿದ ಕಂಪನಿಯನ್ನು ಪಟ್ಟಿಯಿಂದ ತೆಗೆದು ಬೆಳೆದದ್ದನ್ನು ಸೇರಿಸುತ್ತಾರೆ. ನಿರ್ವಹಣೆಗೆ ನೂರು ರೂಪಾಯಿಗೆ ವರ್ಷಕ್ಕೆ ಸುಮಾರು 20 ಪೈಸೆ ಖರ್ಚು. ಬೇಕೆಂದಾಗ ಹತ್ತು ಸಾವಿರವನ್ನಷ್ಟೇ ತೆಗೆಯಬಹುದು, ಹೊಲದ ಹತ್ತು ಗುಂಟೆಯನ್ನು ಹಾಗೆ ಮಾರಲಾಗುವುದಿಲ್ಲ.

ಶೇರು ಎಂದರೆ ಜೂಜು ಎಂದಿರಿ. ಒಂದೇ ಕಂಪನಿಯನ್ನು ನಂಬಿ ಸಾಲ ಮಾಡಿ ಹಾಕಿದರೆ ಹೌದು. ಇದೂ ಬೀಳುತ್ತದೆ, ಮುಚ್ಚಿಡುವುದಿಲ್ಲ. 2020ರ ಜನವರಿಯಿಂದ ಮಾರ್ಚ್ ಒಳಗೆ ನಿಫ್ಟಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು, ನವೆಂಬರಿಗೆ ಮೊದಲಿನ ಎತ್ತರ ದಾಟಿತು. ಪ್ರತಿ ಸಲವೂ ಇಷ್ಟು ಬೇಗ ಏಳುತ್ತದೆಂಬ ಖಾತರಿಯಿಲ್ಲ. ಅದಕ್ಕೇ ಹತ್ತು ವರ್ಷ ಮುಟ್ಟಬೇಕಾಗದ ಹಣವನ್ನು ಮಾತ್ರ ಅಲ್ಲಿ ಹಾಕುತ್ತೇನೆ. ನಿಮ್ಮ ಔಷಧ, ಮನೆಖರ್ಚಿನ ದುಡ್ಡು ಬ್ಯಾಂಕಿನ ಠೇವಣಿಯಲ್ಲೇ ಇರುತ್ತದೆ.

ನಮ್ಮ ನಾಲ್ಕು ಎಕರೆಯನ್ನು ಮಾರಿ ಎಂದು ನಾನು ಎಂದೂ ಹೇಳುವುದಿಲ್ಲ ಅಪ್ಪಾ. ಬೋರ್‌ವೆಲ್ ಪಂಪ್ ಸುಟ್ಟಿದೆ ಎಂದಿದ್ದಿರಿ, ಅದರ ಹಣ ಈ ವಾರವೇ ಕಳಿಸುತ್ತೇನೆ. ಅವ್ವನ ಪಾಟಲಿ ಯುಗಾದಿಗೆ ಬಂದಾಗ ನಾನೇ ಮಾಡಿಸುತ್ತೇನೆ. ಅದು ಅವಳ ಕೈಗೆ, ಗಳಿಕೆಗಲ್ಲ. ಹಳೆಯ ಅಳತೆಯ ಬಳೆಯೊಂದನ್ನು ತೆಗೆದಿಡಲು ಹೇಳಿ.

ನಿಮ್ಮ ಮಗಳು,
ಸವಿತಾ