ಭಾನುವಾರದ ತಿಂಡಿಯ ಬಗ್ಗೆ ವಾರ್ಡನ್ ಅವರಿಗೆ ಪತ್ರ

ಧಾರವಾಡ
12-08-2024

ಇವರಿಗೆ,
ವಾರ್ಡನ್ ಅವರು,
ವಿದ್ಯಾರ್ಥಿನಿಯರ ವಸತಿ ನಿಲಯ,
ಧಾರವಾಡ

ವಿಷಯ: ಮೆಸ್ಸಿನ ತಿಂಡಿ ತಿಂದ ಮೇಲೆ ಪದೇ ಪದೇ ಹೊಟ್ಟೆ ಕೆಡುತ್ತಿರುವುದು

ಮಾನ್ಯ ಮೇಡಂ ಅವರಿಗೆ ನಮಸ್ಕಾರಗಳು.

ನಿನ್ನೆ ಮತ್ತೆ ನಮ್ಮ ಮಹಡಿಯ ಹಲವರಿಗೆ ವಾಂತಿ, ಭೇದಿ ಆಯಿತು. ನನ್ನ ಕೋಣೆಯ ಗೆಳತಿಗೆ ರಾತ್ರಿಯವರೆಗೂ ನೀರು ಸಹ ದಕ್ಕಲಿಲ್ಲ. ಓಆರ್‌ಎಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆವು. ಇಂದು ಅವಳಿಗೆ ಪ್ರಾಯೋಗಿಕ ಪರೀಕ್ಷೆ ಇತ್ತು, ಹೋಗಲಾಗಲಿಲ್ಲ.

ಹೊರಗಿನ ಗಿರಮಿಟ್ಟು, ಮಿರ್ಚಿ ತಿಂದು ಹೀಗಾಗಿರಬೇಕು ಎಂದು ತಾವು ಕಳೆದ ಸಲ ಹೇಳಿದ್ದಿರಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಸಲ ಎಲ್ಲರನ್ನೂ ವಿಚಾರಿಸಿದೆವು. ವಾರವಿಡೀ ಗೇಟಿನ ಹೊರಗೆ ಏನೂ ತಿನ್ನದವರೂ ಮಲಗಿದ್ದಾರೆ. ನಿನ್ನೆ ಬೆಳಗಿನ ಚಿತ್ರಾನ್ನ ಬಿಟ್ಟು ಬಾಳೆಹಣ್ಣು ತಿಂದವರು, ಶನಿವಾರವೇ ಊರಿಗೆ ಹೋದವರು ಚೆನ್ನಾಗಿದ್ದಾರೆ. ಹಿಂದಿನ ಸಲವೂ ಭಾನುವಾರವೇ, ಚಿತ್ರಾನ್ನವೇ.

ನಮಗೆ ತಿಳಿದ ಕಾರಣ ಇಷ್ಟು. ಶನಿವಾರ ಮಧ್ಯಾಹ್ನ ಗದಗ, ಹಾವೇರಿ ಕಡೆಯ ಹುಡುಗಿಯರು ಬಸ್ಸು ಹತ್ತುತ್ತಾರೆ. ಅಡುಗೆಮನೆಗೆ ಅದರ ಲೆಕ್ಕ ಸಿಗುವುದಿಲ್ಲ, ಅನ್ನ ಎಂದಿನಷ್ಟೇ ಬೇಯುತ್ತದೆ. ಉಳಿದದ್ದು ದೊಡ್ಡ ಪಾತ್ರೆಯಲ್ಲಿ ಮುಚ್ಚಳ ಹಾಕಿಕೊಂಡು ಬೆಳಗಿನವರೆಗೆ ಹೊರಗೇ ಇರುತ್ತದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಬೆಚ್ಚಗೆ ಉಳಿದ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೂ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ನಿನ್ನೆ ಆದದ್ದೂ ಹಾಗೆಯೇ. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಇದೇ ಎಂದು ಖಚಿತವಾಗಿ ಹೇಳಲಾಗದು, ಆದರೆ ಅಲ್ಲಿಯವರೆಗೆ ಆ ಅನ್ನವನ್ನು ಬಡಿಸುವುದು ಸರಿಯಲ್ಲ.

ಅಡುಗೆಯ ಅಕ್ಕಂದಿರ ಮೇಲೆ ನಮ್ಮ ದೂರಿಲ್ಲ. ಅನ್ನ ಚೆಲ್ಲಿದರೆ ಮಾತು ಕೇಳಬೇಕಾದವರು ಅವರೇ, ಆದ್ದರಿಂದ ಉಳಿಸುತ್ತಾರೆ. ಈ ಕಾರಣಕ್ಕೆ ಅವರ ಕೆಲಸಕ್ಕೆ ತೊಂದರೆ ಆಗಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ಊರಿಗೆ ಹೋಗುವವರು ಶುಕ್ರವಾರ ರಾತ್ರಿಯೇ ಹೆಸರು ಬರೆಯಲು ಮೆಸ್ಸಿನ ಬಾಗಿಲಲ್ಲಿ ಒಂದು ವಹಿ ಇಡಿಸಿ, ಬರೆಸುವ ಹೊಣೆ ನಮ್ಮದು. ಭಾನುವಾರ ಉಪ್ಪಿಟ್ಟೋ ಅವಲಕ್ಕಿಯೋ ಹೊಸದಾಗಿ ಮಾಡಿಸಿ. ಉಳಿದ ಅನ್ನ ಇಟ್ಟುಕೊಳ್ಳಲೇಬೇಕಾದರೆ ಅಗಲವಾದ ತಟ್ಟೆಗಳಲ್ಲಿ ಹರವಿ, ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು.

ನೀರಿನ ತೊಟ್ಟಿಯನ್ನೂ ಒಮ್ಮೆ ತೊಳೆಸಿ, ನೀರನ್ನು ಪರೀಕ್ಷೆಗೆ ಕಳುಹಿಸಬೇಕು. ನಲ್ಲಿ ನೀರು ದಿನವೂ ಬಾರದ ಕಾರಣ ನಾವು ಕುಡಿಯುವುದು ಸಂಗ್ರಹಿಸಿದ ನೀರನ್ನೇ.

ಇನ್ನೂ ಭೇದಿ ನಿಲ್ಲದವರನ್ನು ಇಂದೇ ವೈದ್ಯರ ಬಳಿಗೆ ಕರೆದೊಯ್ಯಲು ಒಂದು ವಾಹನ ಬೇಕು. ಉಳಿದ ವಿಷಯಗಳನ್ನು ಮಾತನಾಡಲು ಶನಿವಾರಕ್ಕೆ ಮೊದಲು ಸಮಯ ಕೊಟ್ಟರೆ ಮೆಸ್ ಸಮಿತಿಯವರೊಂದಿಗೆ ಬರುತ್ತೇವೆ. ಕಾಯಿಲೆ ಬಿದ್ದವರ ಕೋಣೆ ಸಂಖ್ಯೆಗಳ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ಸುಮಂಗಲಾ
ಬಿ.ಎಸ್ಸಿ. ಎರಡನೇ ವರ್ಷ, ಕೋಣೆ ಸಂಖ್ಯೆ 23
(ಎರಡನೇ ಮಹಡಿಯ ವಿದ್ಯಾರ್ಥಿನಿಯರ ಪರವಾಗಿ)