ಕಾಗಕ್ಕ, ಗುಬ್ಬಕ್ಕ

ಚಿತ್ರದುರ್ಗದ ಕೋಟೆ.
ಎಲ್ಲಿ ನೋಡಿದರೂ ಬಂಡೆ, ಬಂಡೆ, ದೊಡ್ಡ ಬಂಡೆ!

ಇದು ಗುಬ್ಬಕ್ಕನ ಮನೆ.
ಕಲ್ಲಿನ ಮನೆ. ಗಟ್ಟಿ ಗಟ್ಟಿ!

ಇದು ಕಾಗಕ್ಕನ ಮನೆ.
ಸಗಣಿ ಮನೆ. ಮೆತ್ತ ಮೆತ್ತ!

ಗುಡುಗು ಬಂತು. ಗುಡು ಗುಡು ಗುಡು!
ಮಳೆ ಬಂತು. ಧೋ ಧೋ ಧೋ!
ಸಗಣಿ ಮನೆ ಕರಗಿ ಹೋಯಿತು.
ಕಾಗಕ್ಕ ತೊಯ್ದು ತೊಪ್ಪೆ!

ಟಕ್ ಟಕ್ ಟಕ್!
(ಮಗುವಿನ ಕೈಯಿಂದ ಪುಸ್ತಕ ತಟ್ಟಿಸಿ. ಅವಸರ ಬೇಡ.)
“ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!”
“ತಾಳು ಕಾಗಕ್ಕ, ತಾಳು!
ಮರಿಗೆ ಎಣ್ಣೆ ಹಚ್ಚುತ್ತಿದ್ದೇನೆ.”
ಮಳೆ? ಧೋ ಧೋ ಧೋ!

ಟಕ್ ಟಕ್ ಟಕ್!
“ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!”
“ತಾಳು ಕಾಗಕ್ಕ, ತಾಳು!
ಮರಿಗೆ ಬಿಸಿನೀರು ಹಾಕುತ್ತಿದ್ದೇನೆ.”
ಮಳೆ? ಧೋ ಧೋ ಧೋ!

ಟಕ್ ಟಕ್ ಟಕ್!
“ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗಿ!”
“ತಾಳು ಕಾಗಕ್ಕ, ತಾಳು!
ಮರಿಗೆ ತೊಟ್ಟಿಲು ತೂಗುತ್ತಿದ್ದೇನೆ. ಜೋ ಜೋ ಜೋ…”
(ಇಲ್ಲಿ ಮೆಲ್ಲಗೆ ಓದಿ.)

ಕಿರ್ರ್‌ರ್! ಬಾಗಿಲು ತೆರೆಯಿತು.
“ಅಯ್ಯೋ ಕಾಗಕ್ಕ, ಚಳಿ ಆಯ್ತಾ? ಬಾ ಬಾ, ಒಲೆ ಹತ್ರ ಕೂತ್ಕೋ.”

ಒಲೆ ಹತ್ರ ಏನಿದೆ?
ಒಂದು ಬುಟ್ಟಿ.
ಬುಟ್ಟಿಯಲ್ಲಿ ಏನಿದೆ?
ಹುರಿಗಡಲೆ!

ಕಟುಂ ಕುಟುಂ!
“ಕಾಗಕ್ಕ, ಕಾಗಕ್ಕ, ಏನದು ಸದ್ದು?”
“ಅಡಿಕೆ ಚೂರು, ಗುಬ್ಬಕ್ಕ!”

ಕಟುಂ ಕುಟುಂ!
“ಕಾಗಕ್ಕ, ಕಾಗಕ್ಕ, ಏನದು ಸದ್ದು?”
“ಅಡಿಕೆ ಚೂರು, ಗುಬ್ಬಕ್ಕ!”

ಬೆಳಗಾಯಿತು. ಮಳೆ ನಿಂತಿತು.
ಗುಬ್ಬಕ್ಕ ಬುಟ್ಟಿ ನೋಡಿದಳು.
ಕಡಲೆ ಎಲ್ಲಿ? ಇಲ್ಲ!
ಒಂದಾದರೂ? ಇಲ್ಲ, ಇಲ್ಲ!

“ಕಾಗಕ್ಕಾ!”

ಕಾ ಕಾ ಕಾ!
ಬುರ್ರ್ ಅಂತ ಹಾರಿದಳು ಕಾಗಕ್ಕ,
ಬಂಡೆ ದಾಟಿ, ಬಂಡೆ ದಾಟಿ, ದೊಡ್ಡ ಬಂಡೆ ದಾಟಿ!